ಎಂ.ಎ. ಆದ ಮೇಲೆ ನಿಮ್ಮ ಮಾತನ್ನು ತಿದ್ದುವವರು ಯಾರು?

ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದ ರಾಯಚೂರು, ಕೊಪ್ಪಳ ಕಡೆಯ ಯುವಕ ಯುವತಿಯರು ನನ್ನ ಬಳಿ ಬಂದಾಗ ಮುಂದೆ ಯಾವ ಕೋರ್ಸ್ ಮಾಡಬೇಕೆಂದು ಕೇಳುತ್ತಾರೆ. ನಾನು ಅವರನ್ನು ಕೇಳುವುದು ಬೇರೆ. ನೊಂದವರೊಬ್ಬರ ಎದುರು ಕುಳಿತು ನೀವು ಆಡಿದ ಮಾತನ್ನು ಸಾಲುಸಾಲಾಗಿ ಓದಿ, ತಪ್ಪಿದ ಕಡೆ ಬೆರಳಿಟ್ಟು ತೋರಿಸುವ ಹಿರಿಯರು ಇದ್ದಾರೆಯೇ? ಹೆಚ್ಚಿನವರಿಗೆ ಇರುವುದಿಲ್ಲ. ಈ ವೃತ್ತಿಯಲ್ಲಿ ಎಡವುವವರು ಎಡವುವುದು ಬಹುಮಟ್ಟಿಗೆ ಇಲ್ಲಿಯೇ.

ಕೋರ್ಸಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಚಿಕಿತ್ಸಾ ಮನಃಶಾಸ್ತ್ರಜ್ಞ ಎಂದು ಫಲಕ ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ನೋಂದಣಿಯಿಲ್ಲದೆ ಆ ಕೆಲಸ ಮಾಡುವುದು 1992ರ ಕಾಯ್ದೆಯ ಪ್ರಕಾರ ಅಪರಾಧ. ಇದಕ್ಕೆ ಇದುವರೆಗಿನ ರಾಜಮಾರ್ಗವೆಂದರೆ ಎಂ.ಎ. ನಂತರ ಆಸ್ಪತ್ರೆಯಲ್ಲಿದ್ದುಕೊಂಡೇ ಮಾಡುವ ಎರಡು ವರ್ಷದ ಎಂ.ಫಿಲ್. ನಮ್ಮವರು ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಅರ್ಜಿ ಹಾಕುತ್ತಿದ್ದರು. ಎಂ.ಫಿಲ್. ಪದವಿಯೇ ದೇಶದಲ್ಲಿ ನಿಲ್ಲುತ್ತಿರುವುದರಿಂದ, ಈ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ 2025–26ರ ಪ್ರವೇಶದವರೆಗೆ ಯುಜಿಸಿ ವಿನಾಯಿತಿ ಕೊಟ್ಟಿತು. ಪರಿಷತ್ತು ಈಗ ಚಿಕಿತ್ಸಾ ಮನಃಶಾಸ್ತ್ರದಲ್ಲೇ ಎಂ.ಎ. ಕೋರ್ಸನ್ನೂ ಸೈ.ಡಿ. ಎಂಬ ಡಾಕ್ಟರೇಟ್ ಕೋರ್ಸನ್ನೂ ತಂದಿದೆ. ಶುಲ್ಕ ಕಟ್ಟುವ ಮುನ್ನ, ನೀವು ಸೇರುವ ಕಾಲೇಜಿನ ಅದೇ ಕೋರ್ಸಿಗೆ ಆ ವರ್ಷದ ಮಾನ್ಯತೆ ಇದೆಯೇ, ಅದರಿಂದ ಯಾವ ಹೆಸರಿನಲ್ಲಿ ನೋಂದಣಿ ಸಿಗುತ್ತದೆ ಎಂಬುದನ್ನು ಪರಿಷತ್ತಿನ ಪಟ್ಟಿಯಲ್ಲೇ ನೋಡಿಕೊಳ್ಳಿ. ಅಂಚೆ ಶಿಕ್ಷಣದ ಎಂ.ಎ. ನಂಬಿಕೊಂಡವರಿಗೂ ಒಂದು ಮಾತು: 2025ರ ಜುಲೈ–ಆಗಸ್ಟ್ ಪ್ರವೇಶದಿಂದ ಮನಃಶಾಸ್ತ್ರವನ್ನು ದೂರಶಿಕ್ಷಣದಲ್ಲಿ ಕಲಿಸುವಂತಿಲ್ಲ ಎಂದು ಯುಜಿಸಿ ಹೇಳಿದೆ.

ಆಪ್ತಸಮಾಲೋಚಕರ ದಾರಿ ಬೇರೆ. ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್, ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ, ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಶಾಲೆ, ವ್ಯಸನಮುಕ್ತಿ ಕೇಂದ್ರಗಳಲ್ಲಿ ಮನಃಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿಯವರನ್ನು ತೆಗೆದುಕೊಳ್ಳುತ್ತಾರೆ. ಕೆಲಸಕ್ಕೆ ಸೇರಿದ ಮರುದಿನವೇ ಅವರು ಒಬ್ಬರೇ ಕೋಣೆಯಲ್ಲಿ ಕುಳಿತು ಜನರನ್ನು ನೋಡಬೇಕಾಗುತ್ತದೆ. ಎಂ.ಫಿಲ್. ವಿದ್ಯಾರ್ಥಿಗೆ ಕೋರ್ಸಿನೊಳಗೇ ಸಿಗುವ ಮೇಲ್ವಿಚಾರಣೆಯನ್ನು ಇವರು ತಾವೇ ಹುಡುಕಿಕೊಳ್ಳಬೇಕು. ಆ ಮೇಲ್ವಿಚಾರಣೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಸಿಂಧನೂರು ಕಡೆಯ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ್ದ ಯುವತಿಯೊಬ್ಬಳು ದ್ವಿತೀಯ ಪಿಯುಸಿಯಲ್ಲಿ ಅನುತ್ತೀರ್ಣನಾಗಿದ್ದ ಹುಡುಗನನ್ನು ನೋಡುತ್ತಿದ್ದಳು. ತಲೆನೋವು, ನಿದ್ರೆಯಿಲ್ಲ, ಊಟ ಸೇರುವುದಿಲ್ಲ. ಅವಳು ಓದಿಗೆ ವೇಳಾಪಟ್ಟಿ ಮಾಡಿಕೊಟ್ಟು, ಉಸಿರಾಟದ ಅಭ್ಯಾಸ ಕಲಿಸಿದ್ದಳು. ಭೇಟಿಯಾದ ಸಂಜೆಯೇ ನೆನಪಿದ್ದಷ್ಟನ್ನು, ಅವನು ಹೇಳಿದ್ದು ಒಂದು ಕಡೆ, ತಾನು ಹೇಳಿದ್ದು ಇನ್ನೊಂದು ಕಡೆ, ಬರೆದು ತರಬೇಕೆಂಬುದು ನನ್ನ ನಿಯಮ. ಅವಳು ತಂದ ಹಾಳೆಯಲ್ಲಿ ಈ ಸಾಲಿತ್ತು: “ಸಾಯುವ ಯೋಚನೆ ಏನೂ ಇಲ್ಲ ಅಲ್ಲವಾ?” ಅದರ ಎದುರಿಗೆ, “ಇಲ್ಲ ಮೇಡಂ.”

ಅಲ್ಲಿ ನಿಲ್ಲಿಸಿದೆ. ಆ ಪ್ರಶ್ನೆಯೊಳಗೇ ಉತ್ತರವಿದೆ. ‘ಇಲ್ಲ’ ಎಂದರೆ ಮೇಡಂಗೆ ನೆಮ್ಮದಿ ಎಂದು ಹುಡುಗನಿಗೆ ಗೊತ್ತಾಗಿದೆ. ಹಾಗೇಕೆ ಕೇಳಿದೆ ಎಂದಾಗ ಅವಳು, “ಹೌದು ಅಂದರೆ ಮುಂದೆ ಏನು ಮಾಡಬೇಕೋ ಗೊತ್ತಿರಲಿಲ್ಲ ಮೇಡಂ” ಎಂದಳು. ಪ್ರಾಮಾಣಿಕವಾದ ಉತ್ತರ. ಪುಸ್ತಕದಲ್ಲಿ ಓದಿದ್ದರೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಪ್ರಶ್ನೆಯದು. ಕೇಳಿದರೆ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುತ್ತದೆ ಎಂಬ ಭಯ ಬೇರೆ; ಅದಕ್ಕೆ ಆಧಾರವಿಲ್ಲ, ನೇರವಾಗಿ ಕೇಳಿದಾಗ ಹೆಚ್ಚಿನವರಿಗೆ ಹಗುರವಾಗುತ್ತದೆ. ನಾನು ಹುಡುಗನ ಪಾತ್ರ ವಹಿಸಿ ಕುಳಿತೆ, ಅವಳು ಕೇಳುತ್ತಾ ಹೋದಳು. “ಇಷ್ಟೊಂದು ಕಷ್ಟದಲ್ಲಿ ಇರುವಾಗ ಬದುಕೇ ಬೇಡ ಎಂದು ಕೆಲವರಿಗೆ ಅನ್ನಿಸುತ್ತದೆ, ನಿನಗೆ ಹಾಗೆ ಅನ್ನಿಸಿದೆಯಾ?” ಎಂಬ ವಾಕ್ಯ ಅಳುಕಿಲ್ಲದೆ ಅವಳ ಬಾಯಿಗೆ ಬರುವವರೆಗೂ ಬಿಡಲಿಲ್ಲ.

ಮುಂದಿನ ವಾರದವರೆಗೆ ಕಾಯದೆ ಮರುದಿನವೇ ಹುಡುಗನನ್ನು ಕರೆಸಲು ಹೇಳಿದೆ. ಈ ಬಾರಿ ಅವನು, ಬೆಳಿಗ್ಗೆ ಏಳದೇ ಇದ್ದರೆ ಚೆನ್ನಾಗಿತ್ತು ಎಂದು ತಿಂಗಳಿಂದ ಅನ್ನಿಸುತ್ತಿದೆ ಎಂದ. ಆಗ ಕೇಳಲೇಬೇಕಾದದ್ದು ಮನೆಯ ಬಗ್ಗೆ. ಭತ್ತ, ಹತ್ತಿ ಬೆಳೆಯುವ ನಮ್ಮ ಸೀಮೆಯಲ್ಲಿ ಕೀಟನಾಶಕ ಮನೆಯಲ್ಲಿ ಕೈಗೆಟುಕುವಂತೆ ಇರುವುದು ಸಾಮಾನ್ಯ. ದುಡುಕಿನ ಆ ಗಳಿಗೆ ದಾಟುವವರೆಗೆ ಅದು ಕೈಗೆ ಸಿಗದಂತೆ ಮಾಡುವುದರಿಂದ ಜೀವ ಉಳಿಯುತ್ತದೆ. ತಂದೆಗೆ ಏನನ್ನು ಹೇಳಬೇಕು, ಏನನ್ನು ಹೇಳಬಾರದು ಎಂಬುದನ್ನು ಅವಳು ಹುಡುಗನೊಂದಿಗೇ ಮಾತಾಡಿಕೊಂಡಳು. ಜೀವಕ್ಕೆ ಅಪಾಯವಿರುವಾಗ ಗುಟ್ಟು ಕಾಯುವಂತಿಲ್ಲ ಎಂದು ಅವನಿಗೆ ತಿಳಿಸಿದಳು. ಉಳಿದ ಮಾತು ಅವನದೇ ಆಗಿ ಉಳಿಯಿತು. ತಂದೆ ಅಂದೇ ಡಬ್ಬಿಗಳನ್ನು ಮನೆಯಿಂದ ತೆಗೆದು ಬೀಗ ಹಾಕಿಟ್ಟರು. ಮನೋವೈದ್ಯರ ಬಳಿಗೂ ಕಳಿಸಿದೆವು, ಏಕೆಂದರೆ ಖಿನ್ನತೆಗೆ ಔಷಧ ಬೇಕೇ ಎಂದು ತೀರ್ಮಾನಿಸುವುದು, ಔಷಧ ಬರೆಯುವುದು ನಮ್ಮ ಕೆಲಸವಲ್ಲ. ರಾತ್ರಿ ಸಂಕಟವಾದರೆ ಮಾತಾಡಲು ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಹುಡುಗನೂ ತಂದೆಯೂ ಮೊಬೈಲ್‌ನಲ್ಲಿ ಇಟ್ಟುಕೊಂಡರು.

ಯಾವ ಅಂಕಪಟ್ಟಿಯೂ ಆ ಒಂದು ಸಾಲನ್ನು ಹಿಡಿಯುತ್ತಿರಲಿಲ್ಲ.

ಈಗ ಹಣದ ವಿಷಯ. ನಮ್ಮ ಜಿಲ್ಲೆಗಳಲ್ಲಿ ಸರ್ಕಾರಿ ಹುದ್ದೆಗಳು ಬಹುತೇಕ ಗುತ್ತಿಗೆಯವು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅಂಥ ನೆಲದಲ್ಲೂ ಇಂದು ಕೆಲಸ ಮಾಡುವವರು ಗುತ್ತಿಗೆ ನವೀಕರಣಕ್ಕೆ ಕಾಯಬೇಕು ಎನ್ನುವುದು ನನಗೆ ಬೇಸರದ ಸಂಗತಿ. ಸ್ವಂತ ಕೋಣೆ ತೆರೆದರೆ ಲೆಕ್ಕ ಹೀಗಾಗಬಹುದು. ಒಂದು ಭೇಟಿಗೆ 500 ರೂಪಾಯಿ, ದಿನಕ್ಕೆ ನಾಲ್ವರು, ತಿಂಗಳಿಗೆ 22 ದಿನ ಎಂದರೆ 44,000. ನಾಲ್ವರಲ್ಲಿ ಒಬ್ಬರು ಹೇಳದೆ ತಪ್ಪಿಸಿದರೆ 33,000. ಕೋಣೆಯ ಬಾಡಿಗೆ 6,000, ತಿಂಗಳಿಗೆ ಎರಡು ಸಲದ ಮೇಲ್ವಿಚಾರಣೆಗೆ 3,000 ಕಳೆದರೆ ಉಳಿಯುವುದು 24,000. ಮೊದಲ ವರ್ಷದಲ್ಲೇ ದಿನಕ್ಕೆ ನಾಲ್ವರು ಬರುತ್ತಾರೆಂದು ನಂಬಿ ಸಾಲ ಮಾಡಬೇಡಿ. ಇನ್ನೊಂದು ಕಡೆ ಮಾಸಿಕ ಸಂಬಳದ ಅರೆಕಾಲಿಕ ಕೆಲಸ ಇಟ್ಟುಕೊಂಡೇ ಶುರುಮಾಡುವುದು ಕ್ಷೇಮ. ಇಷ್ಟು ಸಣ್ಣ ಲೆಕ್ಕದಲ್ಲಿ ಮೊದಲು ಕತ್ತರಿ ಬೀಳುವುದು ಆ 3,000ಕ್ಕೆ. ಅದನ್ನು ಮಾತ್ರ ಮುಟ್ಟಬೇಡಿ.

ಹಾಗಾದರೆ ದಿನಕ್ಕೆ ಎಂಟು ಜನರನ್ನು ನೋಡಬಾರದೇಕೆ ಎನ್ನುತ್ತಾರೆ. ಐದನೆಯವರು ಬರುವ ಹೊತ್ತಿಗೆ ಕಿವಿ ಕೇಳಿಸಿಕೊಳ್ಳುತ್ತದೆ, ಮನಸ್ಸು ಕೇಳಿಸಿಕೊಳ್ಳುವುದಿಲ್ಲ. ದಣಿವು ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಒಬ್ಬ ನಿರ್ದಿಷ್ಟ ವ್ಯಕ್ತಿ ಇಂದು ಬರದಿದ್ದರೆ ಸಾಕು ಎನ್ನಿಸತೊಡಗುತ್ತದೆ, ಮಾತು ಮುಗಿಯುವ ಮೊದಲೇ ಉಪದೇಶ ಹೊರಡುತ್ತದೆ, ಬರವಣಿಗೆ ಎರಡೇ ಸಾಲಿಗೆ ಇಳಿಯುತ್ತದೆ. ಹಾಳೆ ತೆಳ್ಳಗಾಗುತ್ತಿರುವುದನ್ನು ಕಂಡೇ ನಾನು ಎಷ್ಟೋ ಕಿರಿಯರ ದಣಿವನ್ನು ಗುರುತಿಸಿದ್ದೇನೆ. ಚಿಕ್ಕ ಊರಿನಲ್ಲಿ ಇನ್ನೊಂದು ಭಾರವಿದೆ: ನಿಮ್ಮ ಬಳಿ ಗಂಡನ ಹೊಡೆತದ ಬಗ್ಗೆ ಹೇಳಿಕೊಂಡ ಹೆಣ್ಣುಮಗಳೂ ಆ ಗಂಡನೂ ಭಾನುವಾರ ಅದೇ ಮದುವೆ ಮನೆಯಲ್ಲಿ ಎದುರಾಗುತ್ತಾರೆ. ಹೊರಗೆ ಕಂಡರೆ ನಾನಾಗಿ ಮಾತಾಡಿಸುವುದಿಲ್ಲ, ನೀವು ಮಾತಾಡಿಸಿದರೆ ಮಾತಾಡುತ್ತೇನೆ ಎಂದು ಮೊದಲ ಭೇಟಿಯಲ್ಲೇ ಹೇಳಿಬಿಟ್ಟರೆ ಇಬ್ಬರಿಗೂ ಮುಜುಗರ ತಪ್ಪುತ್ತದೆ.

ಮೇಲ್ವಿಚಾರಕರು ನಿಮ್ಮ ಊರಲ್ಲೇ ಸಿಗದಿದ್ದರೆ ಧಾರವಾಡ, ಬೆಂಗಳೂರಿನವರೊಂದಿಗೆ ವಿಡಿಯೋ ಕರೆಯಲ್ಲಿ ಕಲಿಯಬಹುದು. ಒಪ್ಪುವ ಮುನ್ನ ಮೂರು ವಿಷಯ ಕೇಳಿ. ನೀವು ಬರೆದ ಸಂಭಾಷಣೆಯನ್ನು ಅವರು ಓದುತ್ತಾರೆಯೇ ಅಥವಾ ಬರೀ ಕಥೆ ಕೇಳುತ್ತಾರೆಯೇ? ಜೀವಾಪಾಯದ ಪ್ರಕರಣ ಬಂದ ದಿನ ಫೋನಿಗೆ ಸಿಗುತ್ತಾರೆಯೇ? ನಮ್ಮ ಕಡೆಯ ಕನ್ನಡ ಅವರಿಗೆ ಅರ್ಥವಾಗುತ್ತದೆಯೇ? ‘ಎದೆ ಧಸಕ್ ಅನ್ನುತ್ತದೆ’ ಎಂದದ್ದನ್ನು ‘ಆತಂಕ’ ಎಂದು ತಿದ್ದಿ ಬರೆದು ಕಳಿಸಬೇಡಿ. ಅವರು ಹೇಳಿದ ಮಾತನ್ನೇ ಬರೆಯಿರಿ, ಹೆಸರು ಮತ್ತು ಊರನ್ನು ಮಾತ್ರ ತೆಗೆದುಹಾಕಿ.