ಸುತ್ತಳತೆ ಹೇಳುವ ಕ್ಯಾಮೆರಾ, ಕೊಬ್ಬು ಊಹಿಸುವ ಲೆಕ್ಕ

ಫೋನನ್ನು ಸೊಂಟದೆತ್ತರದಲ್ಲಿ ಒರಗಿಸಿಟ್ಟು, ಮೈಗಂಟುವ ಬಟ್ಟೆ ತೊಟ್ಟು, ಎದುರಿನಿಂದ ಒಂದು ಮತ್ತು ಪಕ್ಕದಿಂದ ಒಂದು ಫೋಟೊ ತೆಗೆದರೆ ಸಾಕು, ದೇಹದ ಅಳತೆಗಳೆಲ್ಲ ಪರದೆಯ ಮೇಲೆ ಬರುತ್ತವೆ ಎಂದು ಹಲವು ಆ್ಯಪ್‌ಗಳು ಹೇಳುತ್ತವೆ. ಕೆಲವು ಜಿಮ್‌ಗಳಲ್ಲಿ ಇದೇ ಕೆಲಸಕ್ಕೆ ತಿರುಗುವ ಪೀಠವಿರುವ ಮೂರು ಆಯಾಮದ ಸ್ಕ್ಯಾನರ್ ಇರುತ್ತದೆ. ಫಲಿತಾಂಶದಲ್ಲಿ ಸೊಂಟ 88.4 ಸೆಂ.ಮೀ. ಎಂದೂ ಅದರ ಕೆಳಗೇ ದೇಹದ ಕೊಬ್ಬು ಶೇ. 23.6 ಎಂದೂ ಒಂದೇ ಗಾತ್ರದ ಅಕ್ಷರಗಳಲ್ಲಿ ಬರೆದಿರುತ್ತದೆ. ಓದುವವರು ಎರಡನ್ನೂ ಸಮಾನವಾಗಿ ನಂಬುವುದು ಸಹಜ. ಆದರೆ ಮೊದಲನೆಯದು ಹೆಚ್ಚುಕಡಿಮೆ ಅಳತೆ, ಎರಡನೆಯದು ಆ ಅಳತೆಯ ಮೇಲೆ ಕಟ್ಟಿದ ಅಂದಾಜು. ಇವು ಹುಟ್ಟಿದ್ದೂ ಬೇರೆ ಬೇರೆ ಕಡೆ, ಬೇರೆ ಬೇರೆ ಉದ್ದೇಶಕ್ಕೆ.

ಕೊಬ್ಬಿನ ಲೆಕ್ಕ ಶುರುವಾದದ್ದು ನೀರಿನ ತೊಟ್ಟಿಯಲ್ಲಿ. 1940ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆಂಕೆ ಮನುಷ್ಯರನ್ನು ನೀರಿನೊಳಗೆ ತೂಗಿ ದೇಹದ ಸಾಂದ್ರತೆ ಕಂಡುಹಿಡಿದರು. ಕೊಬ್ಬಿನ ಸಾಂದ್ರತೆ ಸುಮಾರು 0.9, ಉಳಿದದ್ದೆಲ್ಲದರದು ಸುಮಾರು 1.1 ಎಂದಿಟ್ಟುಕೊಂಡರೆ ಎರಡರ ಪಾಲು ಬೇರ್ಪಡುತ್ತದೆ. ಅಮೆರಿಕದ ವಿಜ್ಞಾನಿ ವಿಲಿಯಂ ಸಿರಿ ಅದಕ್ಕೆ ಇಂದಿಗೂ ಬಳಕೆಯಲ್ಲಿರುವ ಸೂತ್ರ ಕೊಟ್ಟರು. ಎಲ್ಲರನ್ನೂ ನೀರಿನಲ್ಲಿ ಮುಳುಗಿಸುವುದು ಸಾಧ್ಯವಿಲ್ಲದ್ದರಿಂದ ಚರ್ಮದ ಮಡಿಕೆ ಹಿಡಿದು ಅಳೆಯುವ ಕ್ಯಾಲಿಪರ್ ಬಂತು, 1984ರಲ್ಲಿ ಕುತ್ತಿಗೆ ಮತ್ತು ಹೊಟ್ಟೆಯ ಸುತ್ತಳತೆಯಿಂದ ಕೊಬ್ಬನ್ನು ಅಂದಾಜಿಸುವ ನೌಕಾಪಡೆಯ ಸೂತ್ರ ಬಂತು, ಕ್ಷ-ಕಿರಣ ಬಳಸುವ ಡೆಕ್ಸಾ ಯಂತ್ರ ಆಸ್ಪತ್ರೆಗಳಿಗೆ ಬಂತು.

ಸ್ಕ್ಯಾನರ್‌ನ ಮೂಲಕ್ಕೂ ಕೊಬ್ಬಿಗೂ ಸಂಬಂಧವೇ ಇರಲಿಲ್ಲ. ಅದು ಬೇಕಾಗಿದ್ದುದು ಬಟ್ಟೆ ಹೊಲಿಯುವವರಿಗೆ, ವಿಮಾನದ ಆಸನ ವಿನ್ಯಾಸ ಮಾಡುವವರಿಗೆ. 1990ರ ದಶಕದ ಕೊನೆಯಲ್ಲಿ ಉತ್ತರ ಅಮೆರಿಕ, ನೆದರ್ಲೆಂಡ್ಸ್ ಮತ್ತು ಇಟಲಿಯಲ್ಲಿ ನಡೆದ ‘ಸೀಸರ್’ ಸಮೀಕ್ಷೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಇಡೀ ಮೈಯನ್ನು ಸ್ಕ್ಯಾನ್ ಮಾಡಲಾಯಿತು. ಆ ಸಮೀಕ್ಷೆಯ ಒಂದು ಚಿಕ್ಕ ವಿವರ ಇಲ್ಲಿ ಮುಖ್ಯ. ಸ್ಕ್ಯಾನ್‌ಗೆ ಮೊದಲು ತರಬೇತಾದ ಸಿಬ್ಬಂದಿ ವ್ಯಕ್ತಿಯ ಮೈಯನ್ನು ಬೆರಳಿನಿಂದ ಒತ್ತಿ ನೋಡಿ, ಚರ್ಮದ ಕೆಳಗೆ ಮೂಳೆಯ ಅಂಚು ಎಲ್ಲಿದೆಯೆಂದು ಗುರುತಿಸಿ, ಅಲ್ಲಲ್ಲಿ ಪುಟ್ಟ ಬಿಳಿ ಚುಕ್ಕೆಗಳನ್ನು ಅಂಟಿಸುತ್ತಿದ್ದರು. ಯಂತ್ರಕ್ಕೆ ಮೇಲ್ಮೈ ಕಾಣುತ್ತದೆಯೇ ಹೊರತು ಮೂಳೆ ಕಾಣುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಳಿಕ ಬಂದ ಯಂತ್ರಗಳಲ್ಲಿ ಚುಕ್ಕೆ ಅಂಟಿಸುವ ಕೈ ಇಲ್ಲವಾಯಿತು. ಮೂಳೆಯ ಜಾಗವನ್ನೂ ಸಾಫ್ಟ್‌ವೇರೇ ಊಹಿಸತೊಡಗಿತು.

2010ರಲ್ಲಿ ಆಟದ ಸಾಧನವಾಗಿ ಬಂದ ಕಿನೆಕ್ಟ್, ದೂರವನ್ನು ಅಳೆಯುವ ಕ್ಯಾಮೆರಾವನ್ನು ಕಡಿಮೆ ಬೆಲೆಗೆ ಮನೆಮನೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಅಂಥ ಸಂವೇದಕವನ್ನು ಕಂಬಕ್ಕೆ ಕಟ್ಟಿ, ಎದುರಿಗೆ ತಿರುಗುವ ಪೀಠವಿಟ್ಟು, ಒಂದು ನಿಮಿಷದೊಳಗೆ ಮೈಯ ಆಕಾರ ಹಿಡಿಯುವ ಯಂತ್ರಗಳು ವ್ಯಾಯಾಮ ಕೇಂದ್ರಗಳಿಗೆ ಬಂದವು. ದೂರ ಅಳೆಯುವ ಸಂವೇದಕವೂ ಬೇಡ, ಮಾಮೂಲಿ ಕ್ಯಾಮೆರಾವೇ ಸಾಕು ಎಂಬುದು ಮುಂದಿನ ಹೆಜ್ಜೆ. ಅದನ್ನು ಸಾಧ್ಯಗೊಳಿಸಿದ್ದು ಮನುಷ್ಯದೇಹದ ಸಂಖ್ಯಾಶಾಸ್ತ್ರೀಯ ಮಾದರಿಗಳು. 2015ರಲ್ಲಿ ಪ್ರಕಟವಾಗಿ ಸಂಶೋಧನೆಯಲ್ಲಿ ವ್ಯಾಪಕವಾಗಿ ಬಳಕೆಯಾಗುತ್ತಿರುವ ‘ಎಸ್‌ಎಂಪಿಎಲ್’ ಎಂಬ ಮಾದರಿ, ದೇಹದ ಆಕಾರಗಳ ವೈವಿಧ್ಯವನ್ನು ಕಲಿತದ್ದು ಅದೇ ಸೀಸರ್ ಸಮೀಕ್ಷೆಯ ಸ್ಕ್ಯಾನ್‌ಗಳಿಂದ. ಇಂಥ ಮಾದರಿಯನ್ನು ಬಳಸುವ ವಿಧಾನದಲ್ಲಿ ಫೋಟೊದಲ್ಲಿ ಕಾಣುವ ಹೊರರೇಖೆಗೆ ಹೊಂದುವ ದೇಹವನ್ನು ಹುಡುಕಲಾಗುತ್ತದೆ, ಫೋಟೊದಲ್ಲಿ ಕಾಣದ ಭಾಗವನ್ನು ‘ಇಂಥವರಿಗೆ ಸಾಮಾನ್ಯವಾಗಿ ಹೀಗಿರುತ್ತದೆ’ ಎಂಬ ಕಲಿಕೆಯಿಂದ ತುಂಬಲಾಗುತ್ತದೆ.

ಮೊದಲು ಸುತ್ತಳತೆಯನ್ನೇ ನೋಡೋಣ. ಒಬ್ಬರ ಸೊಂಟ ಎದುರಿನಿಂದ 32 ಸೆಂ.ಮೀ. ಅಗಲ, ಪಕ್ಕದಿಂದ 24 ಸೆಂ.ಮೀ. ದಪ್ಪ ಕಾಣುತ್ತದೆ ಎನ್ನಿ. ಅದನ್ನು ಅಂಡಾಕಾರವೆಂದು ಭಾವಿಸಿದರೆ ಸುತ್ತಳತೆ 88.4 ಸೆಂ.ಮೀ. ಆಗುತ್ತದೆ. ಬನಿಯನ್ ಸ್ವಲ್ಪ ಸಡಿಲವಿದ್ದು ಅಗಲ 33 ಎಂದು ಕಂಡರೆ ಅದೇ ಸೊಂಟ 90.1 ಆಗುತ್ತದೆ. ಬಟ್ಟೆಯ ಅರ್ಧ ಸೆಂಟಿಮೀಟರ್ ಸಡಿಲ ಎರಡೂ ಪಕ್ಕದಲ್ಲಿ ಸೇರಿ ಸುತ್ತಳತೆಯಲ್ಲಿ ಒಂದೂಮುಕ್ಕಾಲು ಸೆಂಟಿಮೀಟರ್‌ನಷ್ಟಾಯಿತು. ಎರಡನೆಯ ತೊಡಕು ಎತ್ತರದ್ದು. ಮಾಮೂಲಿ ಫೋಟೊದಿಂದ ಯಾವುದು ಎಷ್ಟು ಸೆಂಟಿಮೀಟರ್ ಎಂದು ತಿಳಿಯುವುದಿಲ್ಲ. ಬಳಕೆದಾರರು ತುಂಬಿದ ಎತ್ತರವನ್ನೇ ಅಳತೆಗೋಲಾಗಿ ಹಿಡಿಯುವುದು ರೂಢಿ. 170 ಸೆಂ.ಮೀ. ಇರುವವರು ಒಂದು ಇಂಚು ಸೇರಿಸಿ ಬರೆದರೆ (ಇಂಥವರು ಕಡಿಮೆಯೇನಿಲ್ಲ) ಎಲ್ಲ ಅಳತೆಯೂ ಶೇ. 1.5ರಷ್ಟು ಹಿಗ್ಗುತ್ತದೆ, 90ರ ಸೊಂಟ 91.3 ಆಗುತ್ತದೆ. ಫೋನು ವಾಲಿದ್ದರೆ, ಕ್ಯಾಮೆರಾ ತೀರ ಹತ್ತಿರವಿದ್ದರೆ, ಕೈಗಳು ಮೈಗೆ ಅಂಟಿದ್ದರೆ ಆಗುವ ತಪ್ಪು ಇದಕ್ಕೆ ಸೇರುತ್ತದೆ. ಕ್ಯಾಮೆರಾದ ಮೆಗಾಪಿಕ್ಸೆಲ್ ಹೆಚ್ಚಿಸಿ ಇವುಗಳಲ್ಲಿ ಯಾವುದನ್ನೂ ಸರಿಪಡಿಸಲಾಗದು.

ಇನ್ನು ‘ಸೊಂಟ’ ಎಲ್ಲಿದೆ ಎಂಬ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಲ್ಲಿ ಕೆಳಗಿನ ಪಕ್ಕೆಲುಬಿನ ಅಂಚಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಹಿಡಿಯಬೇಕು, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟದ ಮೂಳೆಯ ಮೇಲಂಚಿನಲ್ಲೇ ಹಿಡಿಯುತ್ತಾರೆ. ಸ್ಕ್ಯಾನರ್‌ಗಳಲ್ಲಿ ಕೆಲವು ಅತಿ ಸಪೂರವಾದ ಜಾಗವನ್ನು, ಕೆಲವು ಹೊಕ್ಕುಳಿನ ಮಟ್ಟವನ್ನು ಆರಿಸಿಕೊಳ್ಳುತ್ತವೆ. ಹೊಟ್ಟೆ ಮುಂದೆ ಬಂದವರಲ್ಲಿ ‘ಸಪೂರ ಜಾಗ’ ಎಂಬುದೇ ಇರುವುದಿಲ್ಲ. ಆದ್ದರಿಂದ ಎರಡು ಯಂತ್ರಗಳ ನಡುವೆ ಕೆಲವು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಒಂದು ಕೆಟ್ಟಿದೆ ಎಂದರ್ಥವಲ್ಲ. ಎರಡೂ ಬೇರೆ ಬೇರೆ ಜಾಗವನ್ನು ಸರಿಯಾಗಿಯೇ ಅಳೆದಿರಬಹುದು. ಬಟ್ಟೆ ಉದ್ಯಮಕ್ಕೆ ನೆರವಾಗುವ ಐಎಸ್‌ಒ 20685 ಮಾನದಂಡ, ನುರಿತವರ ಕೈ ಅಳತೆಗೂ ಸ್ಕ್ಯಾನ್ ಅಳತೆಗೂ ದೊಡ್ಡ ಸುತ್ತಳತೆಗಳಲ್ಲಿ ಸರಾಸರಿ 9 ಮಿಲಿಮೀಟರ್‌ವರೆಗಿನ ವ್ಯತ್ಯಾಸವನ್ನು ಒಪ್ಪುತ್ತದೆ. ಇದು ಹಲವರ ಸರಾಸರಿ. ಒಬ್ಬ ವ್ಯಕ್ತಿಯಲ್ಲಿ ವ್ಯತ್ಯಾಸ ಅದಕ್ಕಿಂತ ಹೆಚ್ಚಿರಬಹುದು, ಮತ್ತು ಅದು ಪ್ರಯೋಗಾಲಯದ ಶಿಸ್ತಿನಲ್ಲಿ, ಮನೆಯ ಹಾಲ್‌ನಲ್ಲಿ ಅಲ್ಲ.

ಇಷ್ಟಾದರೂ ಸುತ್ತಳತೆಯ ಮಟ್ಟಿಗೆ ಸ್ಕ್ಯಾನರ್‌ಗಳನ್ನು ತಳ್ಳಿಹಾಕುವಂತಿಲ್ಲ. ಟೇಪು ಹಿಡಿಯುವವರ ಕೈ ಬದಲಾದಾಗಲೂ ಅಳತೆ ಬದಲಾಗುತ್ತದೆ. ಪೀಠದ ಸ್ಕ್ಯಾನರ್ ಒಬ್ಬರನ್ನೇ ಎರಡು ಸಲ ಅಳೆದರೆ ಅಂಕಿಗಳು ಸಾಮಾನ್ಯವಾಗಿ ಹತ್ತಿರವೇ ಇರುತ್ತವೆ. ಗೊಂದಲ ಶುರುವಾಗುವುದು ಇಲ್ಲಿಯೇ. ಮತ್ತೆ ಮತ್ತೆ ಒಂದೇ ಉತ್ತರ ಬರುವುದು ಒಂದು ಗುಣ, ಉತ್ತರ ಸರಿಯಾಗಿರುವುದು ಇನ್ನೊಂದು ಗುಣ. ಕೊಬ್ಬಿನ ವಿಷಯದಲ್ಲಿ ಮೊದಲನೆಯದನ್ನು ತೋರಿಸಿ ಎರಡನೆಯದನ್ನು ನಂಬಿಸುವ ಅಭ್ಯಾಸ ಎಲ್ಲೆಡೆ ಬೆಳೆದಿದೆ.

ಸುತ್ತಳತೆಯ ಸಣ್ಣ ತಪ್ಪು ಕೊಬ್ಬಿನ ಅಂಕಿಯಲ್ಲಿ ಹೇಗೆ ಕಾಣುತ್ತದೆಂದು ನೌಕಾಪಡೆಯ ಹಳೆಯ ಸೂತ್ರದಲ್ಲೇ ಪರೀಕ್ಷಿಸಬಹುದು. ಎತ್ತರ 170, ಹೊಟ್ಟೆ 90, ಕುತ್ತಿಗೆ 37 ಸೆಂ.ಮೀ. ಇರುವ ಗಂಡಸಿಗೆ ಉತ್ತರ ಶೇ. 22.2. ಹೊಟ್ಟೆ 92 ಎಂದು ಅಳೆದರೆ ಶೇ. 23.6. ಜೊತೆಗೆ ಕುತ್ತಿಗೆ 36 ಎಂದು ಬಂದರೆ ಶೇ. 24.3. ಮೈಯಲ್ಲಿ ಏನೂ ಬದಲಾಗದೆ, ಎರಡು ಅಳತೆಗಳ ಸಣ್ಣ ಏರುಪೇರಿನಿಂದಲೇ ಉತ್ತರ ಎರಡಂಶ ಏರಿತು. ಸೂತ್ರವೇ ತರುವ ತಪ್ಪು ಇದರ ಮೇಲೆ ಬೇರೆ. ಒಂದೇ ಸುತ್ತಳತೆಯ ಇಬ್ಬರಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ಮೇಲ್ಮೈಯಿಂದ ಪೂರ್ತಿ ತಿಳಿಯುವುದಿಲ್ಲ.

ಹೊಸ ವಿಧಾನಗಳು ಎರಡು ಮೂರು ಸುತ್ತಳತೆಯ ಬದಲು ಇಡೀ ಆಕಾರವನ್ನು ನೋಡುತ್ತವೆ, ಆದ್ದರಿಂದ ಹಳೆಯ ಸೂತ್ರಗಳಿಗಿಂತ ಉತ್ತಮ ಎಂಬುದರಲ್ಲಿ ಹುರುಳಿದೆ. ಅಮೆರಿಕದ ‘ಶೇಪ್ ಅಪ್’ ಅಧ್ಯಯನಗಳು ಸ್ಕ್ಯಾನ್ ಮತ್ತು ಡೆಕ್ಸಾವನ್ನು ಅವೇ ವ್ಯಕ್ತಿಗಳ ಮೇಲೆ ನಡೆಸಿ ಈ ಸಂಬಂಧವನ್ನು ಶ್ರದ್ಧೆಯಿಂದ ಕಟ್ಟಿವೆ. ಫೋನಿನ ಮಟ್ಟಿಗೆ ಹೆಚ್ಚು ಉಲ್ಲೇಖವಾಗುವುದು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆಜಾನ್‌ನ ‘ಹೇಲೋ’ ಸೇವೆಯಲ್ಲಿದ್ದ ಫೋಟೊ ವಿಧಾನವನ್ನು 134 ವಯಸ್ಕರಲ್ಲಿ ಡೆಕ್ಸಾದೊಡನೆ ಹೋಲಿಸಿದಾಗ ಸರಾಸರಿ ತಪ್ಪು 2.16 ಶೇಕಡಾಂಶ ಬಂತು. ಲೇಖಕರಲ್ಲಿ ಕಂಪನಿಯವರೂ ಇದ್ದರು. ಸೇವೆ 2023ರಲ್ಲಿ ನಿಂತಿತು. ಈ ಅಂಕಿ ಚೆನ್ನಾಗಿಯೇ ಇದೆ, ಮನೆಯ ತೂಕದ ಯಂತ್ರಗಳ ಕೊಬ್ಬಿನ ಅಂಕಿಗಿಂತ ಮೇಲು. ಆದರೆ ಅದು ಸರಾಸರಿ. ತಪ್ಪುಗಳ ಹರವನ್ನೂ (1.54) ಲೆಕ್ಕಕ್ಕೆ ತಂದರೆ, ನೂರರಲ್ಲಿ ತೊಂಬತ್ತೈದು ಮಂದಿಯನ್ನು ಒಳಗೊಳ್ಳಲು ಎರಡೂ ಕಡೆ ಸುಮಾರು ಐದಂಶ ಬಿಡಬೇಕಾಗುತ್ತದೆ. ಶೇ. 25 ಎಂದು ತೋರಿಸಿದವರ ಡೆಕ್ಸಾ ಉತ್ತರ 20 ಇರಬಹುದು, 30 ಇರಬಹುದು. ಹೀಗಿರುವಾಗ ದಶಮಾಂಶದ ನಂತರದ ಅಂಕಿಯನ್ನು ಏಕೆ ತೋರಿಸಬೇಕು ಎಂಬ ಪ್ರಶ್ನೆಗೆ ನನಗಂತೂ ಒಳ್ಳೆಯ ಉತ್ತರ ಸಿಕ್ಕಿಲ್ಲ. ಡೆಕ್ಸಾ ಕೂಡ ಅಂತಿಮ ಸತ್ಯವಲ್ಲ. ಯಂತ್ರದಿಂದ ಯಂತ್ರಕ್ಕೆ, ಮೈಯಲ್ಲಿನ ನೀರಿನ ಪ್ರಮಾಣಕ್ಕೆ ಅದೂ ಬದಲಾಗುತ್ತದೆ.

ಭಾರತೀಯರಿಗೆ ಇನ್ನೊಂದು ತೊಡಕಿದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್‌ನ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3, ಡೆಕ್ಸಾದಲ್ಲಿ ಯುಡ್ಕಿನ್ ಅವರ ಕೊಬ್ಬು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ಸಣಕಲು ಕೈಕಾಲು, ಹೊಟ್ಟೆಯ ಸುತ್ತ ಕೊಬ್ಬು ಎಂಬ ಈ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಯುರೋಪ್ ಮತ್ತು ಉತ್ತರ ಅಮೆರಿಕದವರ ಆಕಾರದಿಂದ ಕಲಿತ ಮಾದರಿ ಇಂಥ ದೇಹವನ್ನು ತನಗೆ ಗೊತ್ತಿರುವ ದೇಹದತ್ತ ಎಳೆಯುವ ಸಾಧ್ಯತೆ ಇದ್ದೇ ಇದೆ. ಜವಳಿ ಸಚಿವಾಲಯದ ಬೆಂಬಲದಿಂದ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಕೈಗೊಂಡ ‘ಇಂಡಿಯಾಸೈಜ್’ ಯೋಜನೆ ಬೆಂಗಳೂರು ಸೇರಿ ಆರು ನಗರಗಳಲ್ಲಿ 25,000 ಜನರನ್ನು ಸ್ಕ್ಯಾನ್ ಮಾಡುವ ಗುರಿ ಹೊಂದಿತ್ತು. ಅದರ ಉದ್ದೇಶ ಸಿದ್ಧ ಉಡುಪಿನ ಅಳತೆಪಟ್ಟಿ. ಆಕಾರದ ಕೊರತೆಯನ್ನು ಅಂಥ ಸಮೀಕ್ಷೆ ನೀಗಿಸಬಲ್ಲದು. ಕೊಬ್ಬಿನ ಅಂದಾಜಿಗೆ ಅವೇ ವ್ಯಕ್ತಿಗಳ ಡೆಕ್ಸಾ ಕೂಡ ಬೇಕು.

ಸದ್ಯಕ್ಕೆ ತಮ್ಮ ಆ್ಯಪ್ ಎಷ್ಟನ್ನು ಅಳೆಯುತ್ತದೆ, ಎಷ್ಟನ್ನು ಊಹಿಸುತ್ತದೆ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಒಂದೇ ಬೆಳಿಗ್ಗೆ, ತಿಂಡಿಗೆ ಮೊದಲು, ಪ್ರತಿ ಸಲ ಫೋನು ಎತ್ತಿ ಮತ್ತೆ ಇಟ್ಟು ಮೂರು ಸಲ ಸ್ಕ್ಯಾನ್ ಮಾಡಿದರೆ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ಅಂತರ ಸಿಗುತ್ತದೆ. ತಿಂಗಳ ಕೊನೆಗೆ ಕಾಣುವ ಇಳಿಕೆ ಆ ಅಂತರಕ್ಕಿಂತ ಕಡಿಮೆಯಿದ್ದರೆ ಅದನ್ನು ಇಳಿಕೆ ಎಂದು ಎಣಿಸುವಂತಿಲ್ಲ. ಎರಡನೆಯದಾಗಿ, ಮೈಯಲ್ಲಿ ಬದಲಾವಣೆಯಿಲ್ಲದಿರುವಾಗಲೇ ತೂಕದ ಜಾಗದಲ್ಲಿ ಐದು ಕಿಲೊ ಹೆಚ್ಚಿಗೆ ಬರೆದು ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡಬಹುದು. ಕೊಬ್ಬಿನ ಅಂಕಿ ಗಣನೀಯವಾಗಿ ಏರಿದರೆ, ಅದರ ದೊಡ್ಡ ಪಾಲು ಫೋಟೊದಿಂದಲ್ಲ, ತುಂಬಿದ ತೂಕದಿಂದ ಬರುತ್ತಿದೆ.