ದಿನಾಂಕ ಹಾಕಿದ ದೂರು ಟೈಮ್‌ಲೈನ್ ಅಲ್ಲ

ಕ್ಲೈಂಟ್ ಜೊತೆ ತಕರಾರು ಬಂದಾಗ, ಯಾವ ದಿನ ಏನಾಯಿತು ಎಂದು ಪಟ್ಟಿ ಮಾಡಿ ಮೇಲ್ ಕಳಿಸುವುದುಂಟು. "ಟೈಮ್‌ಲೈನ್ ಕಳಿಸಿದೆವು, ಕ್ಲೈಂಟ್ ಇನ್ನಷ್ಟು ರೇಗಿದರು" ಎಂಬ ಮಾತು ಈಚೆಗೆ ತೀರಾ ಹೆಚ್ಚಾಗಿದೆ. ಕಳಿಸಿದ ಮೇಲ್ ತೆರೆದು ನೋಡಿದರೆ ಅದು ದಿನಾಂಕ ಹಾಕಿದ ದೂರು. ಯಾವ ಸಾಲನ್ನು ಓದಿದರೂ ಎದುರಿನವರು "ಹೌದು, ಹೀಗೇ ಆಗಿದ್ದು" ಎನ್ನಬೇಕು. ಆಗ ಮಾತ್ರ ಅದು ಟೈಮ್‌ಲೈನ್.

ಉದಾಹರಣೆಗೆ, ಬಟ್ಟೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ತಂಡವೊಂದು ಇದೆ ಎನ್ನೋಣ. ಪೇಮೆಂಟ್ ಪುಟ ಒಪ್ಪಿದ ಮೊತ್ತದಲ್ಲೇ ಸೇರಿತ್ತು ಎಂದು ಮಾಲೀಕರು, ಇಲ್ಲವೆಂದು ತಂಡದವರು. ನಲವತ್ತು ಮೇಲ್ ಓಡಾಡಿವೆ. ಈಗ ತಂಡ ಬರೆಯುತ್ತದೆ: "ಮಾರ್ಚ್ 12: ಹಲವು ಸಲ ನೆನಪಿಸಿದ ಮೇಲೆ ಕೊನೆಗೂ ಫೋಟೊ ಕಳಿಸಿದಿರಿ." ಜಗಳ ಇರುವುದೇ ಆ "ಕೊನೆಗೂ"ದಲ್ಲಿ. "ಮಾರ್ಚ್ 3: ಫೋಟೊ ಕೇಳಿ ಮೇಲ್ ಮಾಡಿದೆವು. ಮಾರ್ಚ್ 12: ಫೋಟೊ ಬಂದವು" ಎಂದರೆ ಸಾಕು. ನಡುವಿನ ಒಂಬತ್ತು ದಿನವನ್ನು ಓದುವವರೇ ಎಣಿಸಿಕೊಳ್ಳುತ್ತಾರೆ. "ಮೊದಲೇ ಹೇಳಿದಂತೆ", "ಮತ್ತೆ ಮತ್ತೆ" ಇವಕ್ಕೂ ಇದೇ ಮದ್ದು.

ಇದಕ್ಕಿಂತ ಕೆಟ್ಟದ್ದು "ಒಪ್ಪಿದಿರಿ" ಎಂಬ ಕ್ರಿಯಾಪದ. ಮಾಲೀಕರ ಮೇಲ್‌ನಲ್ಲಿದ್ದದ್ದು "ಚೆನ್ನಾಗಿದೆ, ನೋಡೋಣ" ಎಂದಷ್ಟೇ. ಅದು ಒಪ್ಪಿಗೆಯೋ ಅಲ್ಲವೋ ಎಂಬುದೇ ವಿವಾದ. ಅದನ್ನು ನೀವೇ ತೀರ್ಮಾನಿಸಿ ದಿನಾಂಕದ ಎದುರು ಬರೆದರೆ, ಅವರು ಉಳಿದ ಸಾಲುಗಳನ್ನೂ ನಂಬುವುದಿಲ್ಲ. ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಿ. "ನೀವು ಉತ್ತರಿಸಲಿಲ್ಲ" ಎನ್ನುವ ಬದಲು "ಈ ಮೇಲ್‌ಗೆ ಉತ್ತರ ನಮಗೆ ಸಿಗಲಿಲ್ಲ" ಎನ್ನಿ. ಫೋನಿನಲ್ಲಿ ಆದ ಮಾತಿಗೆ "ಬರಹದಲ್ಲಿ ದಾಖಲೆಯಿಲ್ಲ, ನಮ್ಮ ನೆನಪಿನಂತೆ" ಎಂದು ಸೇರಿಸಿ. ಮಾದರಿ ಪುಟವನ್ನು 20ಕ್ಕೆ ಕೊಡುವುದಾಗಿ ಹೇಳಿ 26ಕ್ಕೆ ಕೊಟ್ಟಿದ್ದರೆ, ಆ ಸಾಲೂ ಇರಲೇಬೇಕು. ಕ್ಲೈಂಟ್ ಮೊದಲು ಹುಡುಕುವುದು ಅದನ್ನೇ.

ಅವರು ಅಮೆರಿಕದಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ನಮ್ಮ ಬೆಳಗಿನ ಒಂಬತ್ತಕ್ಕೆ ಕಳಿಸಿದ ಮೇಲ್ ಅಲ್ಲಿ ಹಿಂದಿನ ದಿನದ ತಾರೀಖು ತೋರಿಸುತ್ತದೆ. ಎಲ್ಲ ದಿನಾಂಕವೂ ಭಾರತೀಯ ಕಾಲಮಾನದ್ದೆಂದು ಮೇಲೆಯೇ ಬರೆದುಬಿಡಿ.

ನಲವತ್ತು ಮೇಲ್‌ಗಳಿಂದ ಎಂಟು ಹತ್ತು ಸಾಲು ಉಳಿದರೆ ಸಾಕು. ಮೊತ್ತ, ಗಡುವು, ಕೆಲಸದ ವ್ಯಾಪ್ತಿ ಬದಲಾದ ದಿನಗಳಷ್ಟೇ ಮುಖ್ಯ. ಹಳೆಯ ಮೇಲ್‌ಗೆ ರಿಪ್ಲೈ ಮಾಡದೆ ಹೊಸ ವಿಷಯದ ಸಾಲಿನೊಂದಿಗೆ ಕಳಿಸಿ. ಹಿಂದಿನ ಸರಣಿಯಲ್ಲಿ ಇಲ್ಲದ ಮೇಲಧಿಕಾರಿಯನ್ನು ಹೊಸದಾಗಿ ಸಿಸಿಗೆ ಸೇರಿಸಬೇಡಿ. ಸೇರಿಸಿದರೆ ಬೆದರಿಕೆಯಂತೆ ಕಾಣುತ್ತದೆ. ಪಟ್ಟಿಯ ಕೆಳಗೆ, ಅದರಿಂದ ಬೇರೆಯಾಗಿ, "ಪೇಮೆಂಟ್ ಪುಟ ಮೊದಲ ಮೊತ್ತದಲ್ಲಿ ಸೇರಿದೆಯೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ" ಎಂದು ಬರೆದು, ಮೇಲಿನ ಸಾಲುಗಳಲ್ಲಿ ತಪ್ಪಿದ್ದರೆ ಶುಕ್ರವಾರದೊಳಗೆ ತಿದ್ದಿಕೊಡಿ ಎಂದು ಕೇಳಿ. ಆ ಮೇಲ್‌ನಲ್ಲಿ ಬಾಕಿ ಹಣ ಕೇಳಬೇಡಿ.

ಲಾಯರ್ ನೋಟಿಸ್ ಬಂದ ಮೇಲೆ ಈ ಮೇಲ್ ನಿಮ್ಮ ಕೈಯ ಕೆಲಸವಲ್ಲ. "ನಾವು ತಡ ಮಾಡಿದೆವು" ಎಂಬ ಸಾಲು ನಾಳೆ ನ್ಯಾಯಾಲಯದಲ್ಲಿ ನಿಮ್ಮದೇ ತಪ್ಪೊಪ್ಪಿಗೆಯಾಗಿ ನಿಲ್ಲಬಹುದು. ಕರಡನ್ನು ವಕೀಲರಿಗೆ ತೋರಿಸಿಯೇ ಕಳಿಸಿ.