ಒತ್ತಕ್ಷರಕ್ಕೂ ಕಾಲು ಚಾಚಲು ಜಾಗ ಬೇಕು

ನಮ್ಮ ಕಡೆ ಬ್ಯಾಂಕಿನಿಂದ ನಿವೃತ್ತರಾದವರು ಒಂದೋ ತೋಟ ಮಾಡುತ್ತಾರೆ, ಇಲ್ಲವೇ ಕಾದಂಬರಿ ಬರೆಯುತ್ತಾರೆ. ಉಡುಪಿ, ಮಂಗಳೂರು ಎರಡೂ ಬ್ಯಾಂಕುಗಳು ಹುಟ್ಟಿದ ಊರುಗಳಾದ್ದರಿಂದ, ಪುಸ್ತಕದ ಪುಟ ವಿನ್ಯಾಸ ಮಾಡಿ ಬದುಕುವ ನನ್ನಂಥವನಿಗೆ ಕೆಲಸಕ್ಕೆ ಬರಗಾಲವಿಲ್ಲ. ಕಳೆದ ಮಳೆಗಾಲದಲ್ಲಿ ಕಿನ್ನಿಮುಲ್ಕಿಯ ನನ್ನ ಕೊಠಡಿಗೆ ಅಂಥವರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದದ ಕಟ್ಟು ಹಿಡಿದುಕೊಂಡು ಬಂದರು. ನಾನು ಕಳಿಸಿದ್ದ ಕರಡು ಪಿಡಿಎಫ್ ಅನ್ನು ಮನೆಯ ಪ್ರಿಂಟರಿನಲ್ಲಿ ತೆಗೆದಿದ್ದರು.

"ಇದೇನು ಮಾರಾಯರೇ, ಒಂದನೇ ತರಗತಿಯ ಪಾಠಪುಸ್ತಕದ ಹಾಗೆ ಕಾಣುತ್ತದೆ. ಅಕ್ಷರ ಸಣ್ಣ ಮಾಡಿ, ಸಾಲೂ ಹತ್ತಿರ ತನ್ನಿ. ಹೇಗೂ ಎರಡು ಫಾರ್ಮ್, ಅಂದರೆ ಮೂವತ್ತೆರಡು ಪುಟ, ಉಳಿಯುತ್ತದೆ" ಎಂದರು.

ನಾನು ಮೇಜಿನ ಮೇಲಿದ್ದ ಸ್ಟೀಲ್ ಸ್ಕೇಲನ್ನು ಅವರ ಪುಟದ ಮೇಲಿಟ್ಟೆ. 'ಗ' ಅಕ್ಷರದ ಎತ್ತರ ಸರಿಯಾಗಿ ಮೂರು ಮಿಲಿಮೀಟರ್. ನಾನು ಜೋಡಿಸಿದ್ದು 2.2 ಮಿಲಿಮೀಟರಿಗೆ. ಅವರ ಪ್ರಿಂಟರ್ 140 ಮಿಲಿಮೀಟರ್ ಅಗಲ, 216 ಎತ್ತರದ ಡೆಮಿ ಪುಟವನ್ನು ಎ4 ಹಾಳೆ ತುಂಬುವಷ್ಟು ಹಿಗ್ಗಿಸಿತ್ತು. ಹೀಗೆ ಹಿಗ್ಗಿದಾಗ 12 ಪಾಯಿಂಟಿನ ಅಕ್ಷರ ಹದಿನಾರೂವರೆಯಾಗಿ ನಿಲ್ಲುತ್ತದೆ. ತಿಂಗಳಿಗೊಬ್ಬರಾದರೂ ಹೀಗೆ ಹಿಗ್ಗಿದ ಪುಟ ಹಿಡಿದು ಬಂದು, ಇಲ್ಲದ ದೋಷವನ್ನು ತಿದ್ದಿಸಿಕೊಂಡು ಹೋಗುತ್ತಾರೆ. ಪುಸ್ತಕ ಕೈಗೆ ಬಂದ ದಿನ ಅವರೇ ಫೋನ್ ಮಾಡಿ "ಓದಲಿಕ್ಕೇ ಆಗುವುದಿಲ್ಲವಲ್ಲ" ಎನ್ನುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಪ್ರಿಂಟ್ ತೆಗೆಯುವಾಗ ಅಳತೆಯನ್ನು 'ನೂರು ಶೇಕಡಾ' ಎಂದಿಟ್ಟು ತೆಗೆಯಿರಿ, ಸುತ್ತಲಿನ ಬಿಳಿ ಕಾಗದವನ್ನು ಕತ್ತರಿಸಿ ತೆಗೆದು ಆಮೇಲೆ ಓದಿ. ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ ಅಭಿಪ್ರಾಯ ಹೇಳಬೇಡಿ.

ಇನ್ನು ಈ 'ಪಾಯಿಂಟ್' ವಿಷಯ. "12 ಪಾಯಿಂಟ್ ಇರಲಿ" ಎಂದು ಹೇಳಿದರೆ ನನಗೆ ಅರ್ಧ ವಿಳಾಸ ಕೊಟ್ಟ ಹಾಗೆ. ಪಾಯಿಂಟ್ ಎಂಬುದು ಅಕ್ಷರದ ಎತ್ತರವಲ್ಲ, ಅಕ್ಷರವನ್ನು ಇಟ್ಟಿರುವ ಚೌಕಟ್ಟಿನ ಎತ್ತರ. ಆ ಚೌಕಟ್ಟಿನೊಳಗೆ ಅಕ್ಷರವನ್ನು ಎಷ್ಟು ದೊಡ್ಡದಾಗಿ ಕೂರಿಸಬೇಕು ಎಂಬುದು ಫಾಂಟ್ ಬಿಡಿಸಿದವರ ಇಷ್ಟ. ಒಂದು ಫಾಂಟಿನ 12 ಪಾಯಿಂಟಿನಲ್ಲಿ 'ಗ' ಎರಡು ಮಿಲಿಮೀಟರ್ ಇದ್ದರೆ, ಇನ್ನೊಂದರ ಅದೇ 12ರಲ್ಲಿ ಎರಡೂವರೆಯ ಹತ್ತಿರ ಬರಬಹುದು. ಹಾಗಾಗಿ ನಿಮಗೆ ಓದಲು ಹಿತವಾದ ಕಾದಂಬರಿಯೊಂದನ್ನು ಮನೆಯ ಕಪಾಟಿನಿಂದ ತನ್ನಿ. ಅದರ 'ಗ'ವನ್ನು ಅಳೆದು ನಾನು ಅಷ್ಟಕ್ಕೇ ಹೊಂದಿಸುತ್ತೇನೆ. ಸಂಖ್ಯೆ ಹನ್ನೊಂದೋ ಹದಿಮೂರೋ ಆಗಲಿ, ಅದರ ಗೊಡವೆ ನಿಮಗೆ ಬೇಡ.

ಅಕ್ಷರದ ಗಾತ್ರದ ಜಗಳ ಹೀಗೆ ಬೇಗ ಮುಗಿಯುತ್ತದೆ. ಮುಗಿಯದ್ದು ಸಾಲುಗಳ ನಡುವಿನ ಅಂತರದ್ದು. ಬಂದವರಿಗೆಲ್ಲ ಅದು ಖಾಲಿ ಬಿದ್ದ ಜಾಗದಂತೆ, ಸೈಟು ಮಾಡಿ ಮಾರಬಹುದಾದ ಗದ್ದೆಯಂತೆ ಕಾಣುತ್ತದೆ. ಅದು ಖಾಲಿ ಜಾಗವಲ್ಲ. ಅಲ್ಲಿ ಒತ್ತಕ್ಷರಗಳು ವಾಸವಾಗಿವೆ.

ಇಂಗ್ಲಿಷ್ ಪುಟ ನೋಡಿದರೆ ಸಾಲಿನ ಕೆಳಗೆ ಇಳಿಯುವುದು ನಾಲ್ಕೈದು ಅಕ್ಷರಗಳ ಸಣ್ಣ ಬಾಲ ಮಾತ್ರ. ಕನ್ನಡದಲ್ಲಿ ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತು. 'ಅಲ್ಲಿ' ಎಂಬ ಸಾಮಾನ್ಯ ಮಾತಿಗೇ ಮೂರು ಅಂತಸ್ತು ಬೇಕು. 'ರಾಷ್ಟ್ರ', 'ಶಾಸ್ತ್ರಿ' ಎಂದರಂತೂ ಒತ್ತಿನ ಜೊತೆಗೆ ಇನ್ನೊಂದು ಒತ್ತು ಸೇರಿ ಮತ್ತೂ ಆಳಕ್ಕೆ ಇಳಿಯುತ್ತದೆ. ಪುಟ ವಿನ್ಯಾಸದ ತಂತ್ರಾಂಶ ಇದನ್ನೆಲ್ಲ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾವು ಬಳಸುವ ಇನ್‌ಡಿಸೈನ್‌ನಲ್ಲಿ ಅಂತರವನ್ನು 'ಆಟೋ' ಎಂದು ಬಿಟ್ಟರೆ ಅದು ಅಕ್ಷರ ಗಾತ್ರದ ಶೇಕಡಾ 120ರಷ್ಟು ಕೊಡುತ್ತದೆ. ಅಂದರೆ 12 ಪಾಯಿಂಟಿಗೆ 14.4. ಇದು ಇಂಗ್ಲಿಷಿನ ಅಂಗಿ, ನಮ್ಮ ಮೈಗೆ ಬಿಗಿ. "ವರ್ಡ್‌ನಲ್ಲಿ ಸಿಂಗಲ್ ಸ್ಪೇಸ್ ಇಟ್ಟಿದ್ದೆ, ಚೆನ್ನಾಗಿಯೇ ಇತ್ತಲ್ಲ" ಎಂದು ಕೇಳುವವರಿದ್ದಾರೆ. ವರ್ಡ್ ಫಾಂಟಿನೊಳಗೇ ಬರೆದಿಟ್ಟಿರುವ ಎತ್ತರವನ್ನು ತೆಗೆದುಕೊಳ್ಳುತ್ತದೆ. ಕನ್ನಡ ಫಾಂಟುಗಳಲ್ಲಿ ಅದು ಸಾಮಾನ್ಯವಾಗಿ ಧಾರಾಳವಾಗಿಯೇ ಇರುತ್ತದೆ. ಎರಡೂ ಕಡೆ 'ಸಿಂಗಲ್', 'ಆಟೋ' ಎಂಬ ಮುಗ್ಧ ಹೆಸರು, ಒಳಗಿನ ಲೆಕ್ಕ ಬೇರೆ ಬೇರೆ.

ಬ್ಯಾಂಕಿನವರಿಗೆ ಲೆಕ್ಕದಲ್ಲೇ ತೋರಿಸಬೇಕಾಯಿತು. ಅವರ ಕಾದಂಬರಿಗೆ ಹಾಕಿದ್ದ ಫಾಂಟಿನಲ್ಲಿ ಅಕ್ಷರ ಕುಳಿತ ಗೆರೆಯಿಂದ ಗುಡಿಸಿನ ನೆತ್ತಿಯವರೆಗೆ 3.1 ಮಿಲಿಮೀಟರ್. ಅದೇ ಗೆರೆಯಿಂದ ಕೆಳಕ್ಕೆ ಒಂಟಿ ಒತ್ತು 1.7 ಇಳಿಯುತ್ತದೆ, ಜೋಡಿ ಒತ್ತು 2.6. ಮೇಲಿನ ಸಾಲಿನಲ್ಲಿ 'ಶಾಸ್ತ್ರಿ' ಬಂದು, ಅದರ ನೇರ ಕೆಳಗೆ 'ಹೇಳಿ' ಬಂದರೆ ಎರಡಕ್ಕೂ ಸೇರಿ 5.7 ಮಿಲಿಮೀಟರ್ ಬೇಕು. ಅವರು ಕೇಳಿದ 15 ಪಾಯಿಂಟ್ ಅಂತರ ಎಂದರೆ ಸಾಲಿನಿಂದ ಸಾಲಿಗೆ 5.3 ಮಿಲಿಮೀಟರ್. ಶಾಸ್ತ್ರಿಗಳ ಕಾಲು 'ಳಿ'ಯ ಗುಡಿಸಿನ ಮೇಲೆ ಬೀಳುತ್ತದೆ. ನಾನು ಇಟ್ಟಿದ್ದ 17 ಪಾಯಿಂಟ್ ಎಂದರೆ ಆರು ಮಿಲಿಮೀಟರ್. ಅಷ್ಟರಲ್ಲಿ ಕೂದಲೆಳೆಯಷ್ಟು ಬೆಳಕು ಉಳಿಯುತ್ತದೆ. ಒಂಟಿ ಒತ್ತಿಗಾದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಉಳಿಯುತ್ತದೆ. ಕಣ್ಣಿಗೆ ಸಾಲು ಸಾಲಾಗಿ ಕಾಣುವುದು ಈ ಬಿಳಿಯಿಂದ.

ಈ ಅಂಕಿಗಳನ್ನು ಬರೆದಿಟ್ಟುಕೊಂಡು ನಿಮ್ಮ ಪುಸ್ತಕಕ್ಕೆ ಹಾಗೆಯೇ ಹಾಕಬೇಡಿ. ಅವು ಆ ಒಂದು ಫಾಂಟಿನವು. ನಿಮ್ಮ ಫಾಂಟಿನಲ್ಲಿ 'ಶಾಸ್ತ್ರಿ'ಯ ಕೆಳಗೆ 'ಹೇಳಿ' ಬರುವಂತೆ ಎರಡು ಸಾಲು ಬರೆದು, ಅಂತರವನ್ನು ಅರ್ಧರ್ಧ ಪಾಯಿಂಟ್ ಕಡಿಮೆ ಮಾಡುತ್ತ ಹೋಗಿ. ಎಲ್ಲಿ ಮುಟ್ಟುತ್ತದೋ ಅದಕ್ಕಿಂತ ಒಂದು ಪಾಯಿಂಟಾದರೂ ಹಿಂದೆ ನಿಲ್ಲಿ. ಪರದೆಯ ಮೇಲೆ ಮುಟ್ಟದೆ ಉಳಿದದ್ದು ಕಾಗದದಲ್ಲಿ ಶಾಯಿ ಹರಡಿ ಮುಟ್ಟುವುದೂ ಉಂಟು.

ನಾನು ಕೆಲಸ ಕಲಿತದ್ದು ಮೊಳೆ ಜೋಡಿಸುವ ಅಚ್ಚುಕೂಟದಲ್ಲಿ. ಸಾಲು ಸಾಲಿನ ನಡುವೆ ಲೆಡ್ ಪಟ್ಟಿ ಇಡುತ್ತಿದ್ದೆವು, ಅಂತರಕ್ಕೆ ತೂಕವಿತ್ತು. ಮೇಲಿನ ಸಾಲಿನ ಲೋಹ ಕೆಳಗಿನ ಸಾಲಿನ ಲೋಹದೊಳಗೆ ತೂರುವುದಿಲ್ಲವಾದ್ದರಿಂದ ಇವತ್ತಿನ ಈ ಡಿಕ್ಕಿಗೆ ಅಲ್ಲಿ ಅವಕಾಶವೇ ಇರಲಿಲ್ಲ. ಅದಕ್ಕೂ ಹಿಂದೆ, 1843ರಲ್ಲಿ, ಮಂಗಳೂರಿನಲ್ಲಿ 'ಮಂಗಳೂರು ಸಮಾಚಾರ' ಕಲ್ಲಚ್ಚಿನಲ್ಲಿ ಬಂದಾಗ ಸಾಲುಗಳನ್ನು ಕೈಯಲ್ಲೇ ಬರೆಯಬೇಕಿತ್ತು. ಕೈಯಲ್ಲಿ ಬರೆಯುವವನು ಒತ್ತು ಬಂದ ಕಡೆ ಕೆಳಗಿನ ಗುಡಿಸನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿಯಾನು. ಕಂಪ್ಯೂಟರಿಗೆ ಆ ದಾಕ್ಷಿಣ್ಯವಿಲ್ಲ, ಹೇಳಿದರೆ ಒಂದರ ಮೇಲೊಂದು ಕೂರಿಸುತ್ತದೆ.

"ಸರಿ, ಆದರೆ ನನ್ನ ಎರಡು ಫಾರ್ಮ್?" ಎಂದರು ಬ್ಯಾಂಕಿನವರು. ನ್ಯಾಯವಾದ ಪ್ರಶ್ನೆ. ಕಾಗದದ ದುಡ್ಡು ಕೊಡುವವರು ಅವರು. ಅಧ್ಯಾಯಗಳ ತಲೆಯಲ್ಲಿ ಬಿಟ್ಟ ಜಾಗವನ್ನೂ ಸೇರಿಸಿ ಅವರ ಕಾದಂಬರಿ ಸುಮಾರು 7,170 ಸಾಲು. ಪುಟಕ್ಕೆ 28 ಸಾಲಿನಂತೆ 256 ಪುಟ, ಅಂದರೆ 16 ಪುಟದ ಹದಿನಾರು ಫಾರ್ಮ್. ಅಂತರವನ್ನು 15ಕ್ಕೆ ಇಳಿಸಿದರೆ ಪುಟಕ್ಕೆ 32 ಸಾಲು ಕೂರುತ್ತದೆ, ಪುಸ್ತಕ 224 ಪುಟಕ್ಕೆ ಮುಗಿಯುತ್ತದೆ. ಲೆಕ್ಕ ಅವರದೂ ತಪ್ಪಿರಲಿಲ್ಲ.

ಹದಿನೇಳನ್ನು ಮುಟ್ಟದೆ ಬೇರೆ ಕಡೆ ಹುಡುಕಿದೆವು. ಪುಟದ ಅಗಲದಲ್ಲಿ ಒಳಅಂಚಿಗೆ 20 ಮಿಲಿಮೀಟರ್, ಸಾಲಿಗೆ 102, ಹೊರಅಂಚಿಗೆ 18 ಬಿಟ್ಟಿದ್ದೆ. ಒಳಅಂಚನ್ನು ತಿನ್ನುವ ಹಾಗಿಲ್ಲ. ಗೋಂದು ಬೈಂಡಿಂಗಿನ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳದೆ ಸಾಲಿನ ಕೊನೆ ಬೆನ್ನಿನೊಳಗೆ ಹೋಗುತ್ತದೆ. ಹೊರಗಿನಿಂದ ನಾಲ್ಕು ಮಿಲಿಮೀಟರ್ ತೆಗೆದು ಸಾಲನ್ನು 106ಕ್ಕೆ ಬೆಳೆಸಿದೆ. ಸಂಭಾಷಣೆಯ ತುಂಡು ಸಾಲುಗಳಿಗೆ ಇದರಿಂದ ಏನೂ ಉಳಿತಾಯವಿಲ್ಲ, ಆದರೂ ಒಟ್ಟು ಸಾಲು 6,950ರ ಹತ್ತಿರ ಬಂತು. ಕೆಳಅಂಚಿನಿಂದ ಆರು ಮಿಲಿಮೀಟರ್ ತೆಗೆದು ಪುಟಕ್ಕೆ ಒಂದು ಸಾಲು ಸೇರಿಸಿದೆ. 29 ಸಾಲಿನಂತೆ 240 ಪುಟ. ಒಂದು ಫಾರ್ಮ್ ಉಳಿಯಿತು, ಒಂದು ಉಳಿಯಲಿಲ್ಲ. ಹೊರಗೆ ಉಳಿದ 14 ಮಿಲಿಮೀಟರಿನಲ್ಲಿ ಹೆಬ್ಬೆರಳು ಅಕ್ಷರ ಮುಚ್ಚದೆ ಕಷ್ಟಪಟ್ಟು ಕೂರುತ್ತದೆ. ಇನ್ನೂ ತೆಗೆಯಿರಿ ಎಂದಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಸಾಲಿನ ಉದ್ದಕ್ಕೆ ಇಂಗ್ಲಿಷ್ ಪುಸ್ತಕಗಳು ಹೇಳುವ ಅಕ್ಷರಗಳ ಎಣಿಕೆ ನಮಗೆ ಒಗ್ಗುವುದಿಲ್ಲ. ನಾನು ಪದ ಎಣಿಸುತ್ತೇನೆ. ಸಾಲಿಗೆ ಏಳೆಂಟು ಪದ ಇದ್ದರೆ ನೆಮ್ಮದಿ. ಅದಕ್ಕಿಂತ ಉದ್ದವಾದರೆ ಸಾಲಿನ ಕೊನೆಯಿಂದ ಹಿಂದಿರುಗುವ ಕಣ್ಣು ಓದಿದ ಸಾಲಿಗೇ ಮತ್ತೆ ಬಂದು ಬೀಳುತ್ತದೆ. ಐದಕ್ಕೆ ಇಳಿದರೆ 'ಕೇಳಿಸಿಕೊಳ್ಳಬೇಕಾಗಿತ್ತೆಂದು' ಎಂಬಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಹಾರಿ, ಮೇಲೆ ಉಳಿದ ನಾಲ್ಕು ಪದಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತವೆ. ಅಂಥಲ್ಲಿ ಪದ ಮುರಿಯಲು ಸಂಕೋಚ ಬೇಡ. ಅಕ್ಷರ ಮುಗಿದ ಕಡೆ ಮುರಿಯಿರಿ, ಒತ್ತನ್ನು ಅದರ ಒಡೆಯನಿಂದ ಬೇರ್ಪಡಿಸಬೇಡಿ.

ಫಾಂಟಿನ ಆಯ್ಕೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. ಫೋನಿಗೂ ಪರದೆಗೂ ಮಾಡಿದ, ಎಲ್ಲ ಗೆರೆಯೂ ಒಂದೇ ದಪ್ಪದ ಅಕ್ಷರ ಇನ್ನೂರು ಪುಟಕ್ಕೆ ಆಯಾಸ. ಗೆರೆಯಲ್ಲಿ ಸ್ವಲ್ಪ ದಪ್ಪ, ಸ್ವಲ್ಪ ತೆಳು ಇರುವುದನ್ನು ಆರಿಸಿ. ಉಚಿತವಾಗಿ ಸಿಗುವವುಗಳಲ್ಲಿ ತಿರೋ ಕನ್ನಡ ಅಂಥದು, ನಾನು ಆಗಾಗ ಬಳಸುತ್ತೇನೆ. ಯಾವುದೇ ಆದರೂ 'ದ ಧ ಥ, ಬ ಭ, ಪ ಷ' ಎಂದು ನಿಜವಾದ ಗಾತ್ರದಲ್ಲಿ, ಪುಸ್ತಕಕ್ಕೆ ಹಾಕುವ 70 ಜಿಎಸ್‌ಎಂ ಮ್ಯಾಪ್‌ಲಿಥೋ ಕಾಗದದಲ್ಲೇ ಪ್ರಿಂಟ್ ತೆಗೆದು ನೋಡಿ. 'ಧ'ದ ಹೊಟ್ಟೆಯ ಸೀಳು, 'ಥ'ದೊಳಗಿನ ಚುಕ್ಕೆ ಕನ್ನಡಕವಿಲ್ಲದ ಕಣ್ಣಿಗೂ ಗೊತ್ತಾಗಬೇಕು. ಅವು ತುಂಬಿಹೋದರೆ ಆ ಫಾಂಟ್ ಎಷ್ಟೇ ಚೆಂದವಿದ್ದರೂ ಮದುವೆ ಕಾಗದಕ್ಕೆ ಇರಲಿ.

ಬ್ಯಾಂಕಿನವರು ಸರಿಯಾದ ಅಳತೆಯ ಒಂದು ಫಾರ್ಮ್ ಪ್ರೂಫ್ ಮನೆಗೆ ಒಯ್ದರು. ಮರುದಿನ ಫೋನ್ ಬಂತು. ಹೆಂಡತಿ ರಾತ್ರಿ ಕುಳಿತು ಹದಿನಾರು ಪುಟವನ್ನೂ ಓದಿದರಂತೆ. ಅಕ್ಷರದ ಬಗ್ಗೆಯಾಗಲಿ ಸಾಲಿನ ಬಗ್ಗೆಯಾಗಲಿ ಒಂದು ಮಾತೂ ಆಡಲಿಲ್ಲವಂತೆ. ಏಳನೆಯ ಪುಟದಲ್ಲಿ ಬರುವ ಅತ್ತೆ ಯಾರನ್ನು ನೋಡಿ ಬರೆದದ್ದು ಎಂದು ಮಾತ್ರ ಕೇಳುತ್ತಿದ್ದಾರಂತೆ. ಆ ತೊಂದರೆಗೆ ನನ್ನಲ್ಲಿ ಸ್ಕೇಲ್ ಇಲ್ಲ ಎಂದೆ.